ಪದಚರ್ಚೆ: ಹಸಿರು ಪರದೆಯ ‘ಸ್ಪಿಲ್’, ‘ಫ್ರಿಂಜ್’ – ಎರಡಕ್ಕೂ ಒಂದೇ ಪದ ಸಾಕಾ?

ನೀರ್ಚಾಲಿನಿಂದ:
ಎಲ್ಲರಿಗೂ ನಮಸ್ಕಾರ. ಎಡಿಟಿಂಗ್ ಕಲಿಯುವ ಮಕ್ಕಳಿಗಾಗಿ ಕನ್ನಡದಲ್ಲಿ ಒಂದು ಪಾಠ ಬರೆಯುತ್ತಿದ್ದೇನೆ. ಹಸಿರು ಪರದೆಯ ಮುಂದೆ ಯಕ್ಷಗಾನದ ವೇಷವನ್ನೂ ಭಾಗವತರನ್ನೂ ನಿಲ್ಲಿಸಿ ತೆಗೆದ ವಿಡಿಯೊ ಅದರಲ್ಲಿದೆ. ಎಡಿಟಿಂಗ್‌ನಲ್ಲಿ ಪರದೆ ತೆಗೆದ ಮೇಲೂ ಕೆನ್ನೆಯ ಮೇಲೆ ತೆಳು ಹಸಿರು ಉಳಿದಿದೆ, ಇಂಗ್ಲಿಷಿನಲ್ಲಿ ಇದು ‘ಸ್ಪಿಲ್’. ಭಾಗವತರ ಬಿಳಿ ಶಾಲಿನ ಅಂಚಿಗೆ ಹಸಿರು ಗೆರೆ ಬಂದಿದೆ, ಇದು ‘ಫ್ರಿಂಜ್’. ನಮ್ಮ ಹುಡುಗರು ಎರಡಕ್ಕೂ ‘ಹಸಿರು ಹೊಡೀತದೆ’ ಅಂತಲೇ ಹೇಳುತ್ತಾರೆ. ಪಾಠದಲ್ಲಿ ಹಾಗೇ ಬರೆದರೆ ಸಾಕಾ, ಬೇರೆ ಬೇರೆ ಪದ ಬೇಕಾ?

ಕುಂಬಳೆಯಿಂದ:
ಒಂದೇ ಪದ ಸಾಕು ಅಣ್ಣ. ಎರಡೂ ಪರದೆಯಿಂದ ಬಂದ ಹಸಿರೇ ಅಲ್ವಾ? ಅಂಚನ್ನು 2–3 ಪಿಕ್ಸೆಲ್ ಒಳಕ್ಕೆ ಸವೆಸಿಬಿಡಿ, ಗೆರೆ ಹೋಗ್ತದೆ. ನಾನು ಯಾವಾಗಲೂ ಮಾಡುವುದು ಅದನ್ನೇ.

ಪೆರ್ಲದಿಂದ:
ನನ್ನದೂ ಇದೇ ಸಮಸ್ಯೆ. ಅಂಗಳಕ್ಕೆ ಹಸಿರು ನೆಟ್ ಕಟ್ಟಿ ತಂಗಿಯ ಮದುವೆಯ ಫೋಟೊ ತೆಗೆಸಿದೆವು. ಎಲ್ಲರ ಮುಖವೂ ಹಸಿರು. ಇದನ್ನೂ ಸ್ಪಿಲ್ ಅಂತ ಹೇಳಬಹುದಾ?

ಮಂಜೇಶ್ವರದಿಂದ:
ಪೆರ್ಲದ ಅಕ್ಕಾ, ನಿಮ್ಮದು ಬೇರೆ. ಅಲ್ಲಿ ಬಿದ್ದ ಬೆಳಕೇ ಹಸಿರು, ಎಲ್ಲರ ಮೇಲೂ ಹೆಚ್ಚುಕಮ್ಮಿ ಒಂದೇ ಸಮ. ವೈಟ್ ಬ್ಯಾಲೆನ್ಸ್ ಸರಿಮಾಡಿದರೆ ಬಹಳಷ್ಟು ಹೋಗುತ್ತದೆ. ಪರದೆಯ ಸ್ಪಿಲ್ ಹಾಗಲ್ಲ. ಪರದೆಯಿಂದ ಚಿಮ್ಮಿದ ಬೆಳಕು ಕೆನ್ನೆಯ ಬದಿಗೆ, ಭುಜಕ್ಕೆ ಜಾಸ್ತಿ ಬೀಳುತ್ತದೆ, ಮೂಗಿಗೆ ತೀರಾ ಕಮ್ಮಿ.

ಕುಂಬಳೆಯವರು ಹೇಳಿದ ಉಪಾಯ ಶಾಲಿಗೆ ಆದೀತು, ಕೂದಲಿಗೆ ಆಗದು. ಒಂದೊಂದು ಎಳೆಯೇ 2 ಪಿಕ್ಸೆಲ್ ಇರುತ್ತದೆ, ಸವೆಸಿದರೆ ಎಳೆಯೇ ಮಾಯ. ಕೆನ್ನೆಯ ಹಸಿರಂತೂ ಹಾಗೇ ಉಳಿಯುತ್ತದೆ. ಅದಕ್ಕೇ ಎರಡು ಪದ ಬೇಕು ಅನ್ನುತ್ತೇನೆ.

ಗೆರೆ ಹೇಗೆ ಆಗುತ್ತದೆ ನೋಡಿ. ಶಾಲು 220, 220, 220 ಇರಲಿ. ಕೆಂಪು, ಹಸಿರು, ನೀಲಿ ಅದೇ ಕ್ರಮದಲ್ಲಿ. ಪರದೆ 40, 180, 60. ಅಂಚಿನ ಒಂದು ಪಿಕ್ಸೆಲ್‌ನಲ್ಲಿ ಅರ್ಧ ಶಾಲು, ಅರ್ಧ ಪರದೆ. ಕ್ಯಾಮೆರಾದಲ್ಲಿ ಅದು 130, 200, 140 ಆಗಿರುತ್ತದೆ. ಡಿಸ್ಪಿಲ್ ಹಾಕಿದರೆ ಸಾಮಾನ್ಯವಾಗಿ ಹಸಿರನ್ನು ಕೆಂಪು–ನೀಲಿಯ ಸರಾಸರಿಗೆ, ಅಂದರೆ 135ಕ್ಕೆ ಇಳಿಸುತ್ತದೆ. ಹಸಿರು ಹೋಯಿತು. ಆದರೆ 130, 135, 140 ಅಂದರೆ ಬೂದು. ಬಿಳಿ ಶಾಲಿಗೆ ಬೂದು ಗೆರೆ! ಹಿಂದೆ ತಿಳಿ ಬಣ್ಣದ ಚಿತ್ರ ಇಟ್ಟರೆ ಕಣ್ಣಿಗೆ ಹೊಡೆಯುತ್ತದೆ.

ಇಲ್ಲಿ ಪರದೆಯ ಪಾಲನ್ನೇ ಕಳೆಯಬೇಕು. ಪರದೆಯ ಅರ್ಧ 20, 90, 30. ಅದನ್ನು 130, 200, 140ರಿಂದ ಕಳೆದರೆ 110, 110, 110. ಉಳಿದದ್ದು ಅರ್ಧ ಶಾಲು ಮಾತ್ರ, ಹಾಗಾಗಿ ಎರಡರಿಂದ ಗುಣಿಸಿದರೆ 220 ವಾಪಸ್ ಬರುತ್ತದೆ. ಆದರೆ ‘ಅರ್ಧ’ ಅನ್ನುವ ಅಂದಾಜು ಸರಿ ಇರಬೇಕು. ಮೊಬೈಲ್ ವಿಡಿಯೊದಲ್ಲಿ ಇದು ಕಷ್ಟ. ಬೆಳಕಿನಷ್ಟು ವಿವರವಾಗಿ ಬಣ್ಣವನ್ನು ಅದು ಉಳಿಸಿಕೊಳ್ಳುವುದಿಲ್ಲ, ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್‌ಗೆ ಒಂದೇ ಬಣ್ಣ. ಅಂಚಿನ ಹಸಿರು ಒಳಕ್ಕೂ ಹಬ್ಬಿರುತ್ತದೆ.

ಯಾವುದು ಯಾವ ತೊಂದರೆ ಅಂತ ತಿಳಿಯಲು ಹಿಂದೆ ಬರೀ ಬೂದು ಬಣ್ಣ ಹಾಕಿ ನೋಡಿ. ಅಂಚಿನಿಂದ ದೂರ, ಕೆನ್ನೆಯ ನಡುವಲ್ಲೂ ಹಸಿರು ಕಂಡರೆ ಸ್ಪಿಲ್. ಬರೀ ಗೆರೆಯಾಗಿ ಕಂಡರೆ ಫ್ರಿಂಜ್.

ನೀರ್ಚಾಲಿನಿಂದ:
ತುಂಬ ಉಪಕಾರ ಮಾಷ್ಟ್ರೇ. ಕೆನ್ನೆಗೆ ಡಿಸ್ಪಿಲ್ ಹಾಕಿದೆ, ಸರಿಯಾಯಿತು. ಆದರೆ ಕಿರೀಟದ ಬೇಗಡೆ ಇಟ್ಟಿಗೆ ಬಣ್ಣಕ್ಕೆ ತಿರುಗಿದೆ.

ಮಂಜೇಶ್ವರದಿಂದ:
ಆಗಲೇಬೇಕು. ಚಿನ್ನದ ಬಣ್ಣದಲ್ಲಿ ಹಸಿರು ತಾನಾಗಿಯೇ ಜಾಸ್ತಿ. 220, 200, 40 ಅಂತ ಇಟ್ಟುಕೊಳ್ಳಿ. ಸರಾಸರಿ 130. ಡಿಸ್ಪಿಲ್ 200ನ್ನು 130ಕ್ಕೆ ಇಳಿಸಿತು, ಉಳಿದದ್ದು ಕಿತ್ತಳೆ–ಕಂದು. ಸರಾಸರಿಯ ಬದಲು, ಕೆಂಪು–ನೀಲಿಯಲ್ಲಿ ಯಾವುದು ದೊಡ್ಡದೋ ಅದನ್ನು ಮಿತಿ ಮಾಡಿ. ಆಗ ಮಿತಿ 220, ಚಿನ್ನಕ್ಕೆ ಏನೂ ಆಗದು. ಆದರೆ ಬೇಗಡೆಯಲ್ಲಿ ನಿಜವಾಗಿ ಪರದೆ ಪ್ರತಿಫಲಿಸಿ ಹಸಿರು 215 ಆಗಿದ್ದರೆ ಆ ನಿಯಮ ಅದನ್ನು ಹಿಡಿಯುವುದೇ ಇಲ್ಲ. ಕಿರೀಟಕ್ಕೆ ಬೇರೆ ಮಾಸ್ಕ್ ಮಾಡಿ, ಅಲ್ಲಿ ಕೈಯಾರೆ ಸರಿಮಾಡಿ. ಮುಂದಿನ ಸಲ ವೇಷವನ್ನು ಪರದೆಯಿಂದ ಆದಷ್ಟು ಮುಂದೆ ನಿಲ್ಲಿಸಿ, ಪರದೆಗೆ ಬೆಳಕು ಕಮ್ಮಿ ಮಾಡಿ. 2 ಮೀಟರ್ ಸಿಕ್ಕರೂ ಎಷ್ಟೋ ವ್ಯತ್ಯಾಸ.

ಪದಕ್ಕೆ ಬಂದರೆ, ಸ್ಪಿಲ್‌ಗೆ ‘ಹಸಿರು ಸೋಕು’, ಫ್ರಿಂಜ್‌ಗೆ ‘ಅಂಚಿನ ಉಳಿಕೆ’ ನನಗೆ ಇಷ್ಟ. ಬೂದು ಗೆರೆಯೂ ‘ಉಳಿಕೆ’ಯಲ್ಲಿ ಸೇರುತ್ತದೆ.

ಕುಂಬಳೆಯಿಂದ:
‘ಸೋಕು’ ಒಪ್ಪಿದೆ. ‘ಉಳಿಕೆ’ ಬೇಡ, ಲೆಕ್ಕದ ಬಾಕಿಯ ಹಾಗೆ ಕೇಳ್ತದೆ. ಸುಮ್ನೆ ‘ಅಂಚುಗೆರೆ’ ಅನ್ನಿ. ಮಕ್ಕಳಿಗೆ ಕಾಣುವುದು ಗೆರೆಯೇ.

ನೀರ್ಚಾಲಿನಿಂದ:
‘ಸೋಕು’ ಹಾಕಿಕೊಂಡೆ. ಇನ್ನೊಂದಕ್ಕೆ ಈಗ ‘ಅಂಚುಗೆರೆ’ ಬರೆದಿದ್ದೇನೆ, ಆದರೆ ಕೂದಲಿನಲ್ಲಿ ಅದು ಗೆರೆಯಾಗಿ ಕಾಣುವುದಿಲ್ಲ, ಮಬ್ಬಾಗಿ ಹರಡಿರುತ್ತದೆ. ಅದಕ್ಕೂ ಹೊಂದುವ ಪದ ಯಾರಿಗಾದರೂ ಹೊಳೆದರೆ ಬರೆಯಿರಿ.