ನಿಫ್ಟಿ ಕಾಲ್ ಕೊಳ್ಳೋದಾದ್ರೆ ವೀಕ್ಲಿನಾ, ಮಂತ್ಲಿನಾ? ಅನುಭವ ಇದ್ದವರು ಹೇಳಿ

ತುಮಕೂರು_ಟ್ರೇಡರ್ (ಪ್ರಶ್ನೆ): ನಿಫ್ಟಿ 25,000 ಹತ್ತಿರ ಇದೆ, ಐವಿ 12. ಇನ್ನು ಎರಡರಿಂದ ನಾಲ್ಕು ದಿನದಲ್ಲಿ 200 ಪಾಯಿಂಟ್ ಮೇಲೆ ಹೋಗುತ್ತೆ ಅನ್ನೋದು ನನ್ನ ವ್ಯೂ. ಇವತ್ತು ಬುಧವಾರ. ಬರೋ ಮಂಗಳವಾರದ 25,000 ಕಾಲ್ 153ಕ್ಕೆ ಸಿಗ್ತಿದೆ, 27 ದಿನ ಇರೋ ಮಂತ್ಲಿ 325ಕ್ಕೆ. ಕೈಯಲ್ಲಿರೋದು 22,000 ರೂಪಾಯಿ. ಯಾವುದು ತಗೊಳ್ಳಲಿ?

ಹುಬ್ಬಳ್ಳಿ_ಸ್ಕ್ಯಾಲ್ಪರ್: ವೀಕ್ಲಿನ ತಗೋರಿ, ಎರಡನೇ ಮಾತೇ ಇಲ್ಲ. ನಾ ಮಂತ್ಲಿ ಮುಟ್ಟೋದಿಲ್ಲ. 65ರ ಲಾಟ್ ಲೆಕ್ಕದಾಗ ನಿಮ್ಮ ರೊಕ್ಕಕ್ಕ ವೀಕ್ಲಿ ಎರಡು ಲಾಟ್ ಬರ್ತದ, ಮಂತ್ಲಿ ಒಂದ. ಎರಡೂ ಎಟಿಎಂ, ಎರಡಕ್ಕೂ ಡೆಲ್ಟಾ ಅರ್ಧ. ಅಂದ್ರ ನಿಫ್ಟಿ ಒಂದು ಪಾಯಿಂಟ್ ಏರಿದ್ರ ವೀಕ್ಲಿಯೊಳಗ 65 ರೂಪಾಯಿ, ಮಂತ್ಲಿಯೊಳಗ 32. ಥೀಟಾ ಥೀಟಾ ಅಂತ ಹೆದರಸವ್ರು ಒಂದು ಲೆಕ್ಕ ಹೇಳೋದಿಲ್ಲ: ಆರು ದಿನ ಇದ್ದಾಗ ಮೊದಲ ದಿನ ಹೋಗೋದು 13 ಪಾಯಿಂಟ್. ನಿಫ್ಟಿ ಬರೇ 25 ಏರಿದ್ರ ಅದು ತುಂಬ್ತದ. ನನ್ನ ಪದ್ಧತಿ ಇಷ್ಟ: ಮರುದಿನ ಹನ್ನೊಂದೂವರಿ ಒಳಗ 60 ಪಾಯಿಂಟ್ ಬರಲಿಲ್ಲ ಅಂದ್ರ ಕೊಟ್ಟು ಹೊರಗ. ಬೆಲೆಗೆ ಸ್ಟಾಪ್‌ಲಾಸ್ ಇಡೋದಿಲ್ಲ, ಟೈಮಿಗೆ ಇಡ್ತೀನಿ. ಮ್ಯಾಲೆ ಮಂತ್ಲಿಗೆ ವೇಗಾ ಜಾಸ್ತಿ, ಐವಿ ಇಳಿದ್ರ ಅದ ಮೊದಲು ಸಾಯ್ತದ.

ಮೈಸೂರು_ಆಪ್ಷನ್ಸ್: ಮೊದಲ ದಿನದ ಲೆಕ್ಕ ಸರಿ ಇದೆ, ಆದರೆ ಕೇಳಿರೋದು ನಾಲ್ಕು ದಿನದವರೆಗಿನ ವ್ಯೂ. ಐವಿ 12ರಲ್ಲೇ ನಿಂತಿದೆ ಅಂದುಕೊಂಡು ಇದೇ ಬೆಲೆಗಳನ್ನ ಓಡಿಸಿ ನೋಡಿ.

ಎರಡು ದಿನದಲ್ಲಿ 25,200 ಬಂದರೆ ವೀಕ್ಲಿ ಸುಮಾರು 250 ಆಗುತ್ತೆ, ಲಾಭ 97 ಪಾಯಿಂಟ್. ಮಂತ್ಲಿ 424 ಆಗುತ್ತೆ, ಲಾಭ 99. ಗಮನಿಸಿ, ಒಂದು ಲಾಟ್‌ಗೆ ಎರಡೂ ಒಂದೇ. ವೀಕ್ಲಿಗೆ ಗಾಮಾದಿಂದ ಬಂದಿದ್ದನ್ನ ಥೀಟಾ ವಾಪಸ್ ತಗೊಂಡಿದೆ. ಅದೇ 25,200 ನಾಲ್ಕನೇ ದಿನಕ್ಕೆ ಬಂದರೆ ವೀಕ್ಲಿ 222, ಮಂತ್ಲಿ 412. ಈಗ ಲಾಭ 69 ಮತ್ತು 87. ಇನ್ನೊಂದು ನೋಡಿ: ನಾಲ್ಕು ದಿನದಲ್ಲಿ 200 ಬರದೆ 100 ಮಾತ್ರ ಬಂತು ಅಂದುಕೊಳ್ಳಿ. ವೀಕ್ಲಿ 147ರ ಹತ್ತಿರ ನಿಂತಿರುತ್ತೆ. ದಿಕ್ಕು ಸರಿ, ಆದರೂ ಆರು ಪಾಯಿಂಟ್ ನಷ್ಟ. ಮಂತ್ಲಿ 353, ಅಂದರೆ 28 ಪಾಯಿಂಟ್ ಲಾಭ. ನಿಫ್ಟಿ ಅಲ್ಲಾಡದೇ ಇದ್ದರೆ ನಾಲ್ಕು ದಿನಕ್ಕೆ ವೀಕ್ಲಿಯಿಂದ 65 ಪಾಯಿಂಟ್ ಹೋಗುತ್ತೆ, ಮಂತ್ಲಿಯಿಂದ 25.

ಹಾಗಾಗಿ ನೋಡಬೇಕಾದ್ದು ಥೀಟಾ ಎಷ್ಟು ಅಂತಲ್ಲ, ನಿಮ್ಮ ಮೂವ್ ಯಾವ ದಿನ ಬರುತ್ತೆ ಅಂತ. ವೀಕ್ಲಿ ಕೊಂಡವರು ದಿಕ್ಕಿನ ಜೊತೆ ಗಡಿಯಾರದ ಮೇಲೂ ಪಣ ಕಟ್ಟಿರುತ್ತಾರೆ.

ಹುಬ್ಬಳ್ಳಿ_ಸ್ಕ್ಯಾಲ್ಪರ್: ಲಾಟ್ ಲೆಕ್ಕ ಯಾಕ ಹೇಳ್ತೀರಿ ಸರ್? ಅವರು ಹಾಕೋದು ರೊಕ್ಕ, ಲಾಟ್ ಅಲ್ಲ. ಎರಡು ದಿನದಾಗ 200 ಬಂದ್ರ ಎರಡು ವೀಕ್ಲಿ ಲಾಟಿಗೆ 12,600, ಒಂದು ಮಂತ್ಲಿಗೆ 6,400. ಇದನ್ನ ಮುಚ್ಚಿಟ್ಟು ‘ಎರಡೂ ಒಂದೇ’ ಅಂದ್ರ ಹೊಸಬ್ರಿಗೆ ದಾರಿ ತಪ್ಪಿಸಿದಂಗ.

ಮೈಸೂರು_ಆಪ್ಷನ್ಸ್: ಮುಚ್ಚಿಟ್ಟಿಲ್ಲ. ರೂಪಾಯಿಯಲ್ಲೇ ಪೂರ್ತಿ ಹೇಳಿ ಹಾಗಾದರೆ. ನಾಲ್ಕು ದಿನ ನಿಫ್ಟಿ ನಿಂತಲ್ಲೇ ನಿಂತರೆ ನಿಮ್ಮ ಎರಡು ಲಾಟ್‌ನಲ್ಲಿ 8,450 ಹೋಗುತ್ತೆ, ಮಂತ್ಲಿ ಒಂದು ಲಾಟ್‌ನಲ್ಲಿ 1,625. ಲಾಭ ಎರಡು ಪಟ್ಟು, ಕಾಯೋ ಖರ್ಚು ಐದು ಪಟ್ಟು. ಇದ್ದ ದುಡ್ಡಿಗೆಲ್ಲ ಲಾಟ್ ತಗೊಂಡೇ ತೀರಬೇಕು ಅನ್ನೋ ನಿಯಮ ಎಲ್ಲಿದೆ? ವೀಕ್ಲಿ ಒಂದೇ ಲಾಟ್ ತಗೊಂಡರೆ ಪೂರ್ತಿ ಸೊನ್ನೆ ಆದರೂ 9,950ಕ್ಕೆ ನಿಲ್ಲುತ್ತೆ, ಎರಡು ದಿನದಲ್ಲಿ ಬರೋ ಮೂವ್‌ಗೆ ಮಂತ್ಲಿಯಷ್ಟೇ ಪಾಯಿಂಟ್ ಸಿಗುತ್ತೆ. ವೀಕ್ಲಿಯ ನಿಜವಾದ ಅನುಕೂಲ ಅದು. ಬಹಳ ಜನ ಅದನ್ನ ಬಿಟ್ಟು ಲಾಟ್ ಹೆಚ್ಚಿಸಿಕೊಳ್ತಾರೆ.

ವೇಗಾ ವಿಷಯ ಅರ್ಧ ಸರಿ. ಐವಿ ಒಂದು ಪಾಯಿಂಟ್ ಇಳಿದರೆ ಮಂತ್ಲಿ 27 ಕಳ್ಕೊಳ್ಳುತ್ತೆ, ವೀಕ್ಲಿ 13. ಆದರೆ ಹಾಕಿದ ದುಡ್ಡಿನ ಲೆಕ್ಕದಲ್ಲಿ ಎರಡೂ ಶೇ. 8ರ ಸುಮಾರು. ಅಷ್ಟೇ ಅಲ್ಲ, ದೊಡ್ಡ ಘಟನೆ ಮುಗಿದಾಗ ಹತ್ತಿರದ ಎಕ್ಸ್‌ಪೈರಿಯ ಐವಿ ದೂರದ್ದಕ್ಕಿಂತ ಜೋರಾಗಿ ಬೀಳುತ್ತೆ. 2024ರ ಜೂನ್ 4ರ ಚುನಾವಣಾ ಫಲಿತಾಂಶದ ದಿನ ಇಂಡಿಯಾ ವಿಕ್ಸ್ 26ರ ಮೇಲೆ ಮುಗಿದಿತ್ತು, ಮರುದಿನ 19ರ ಕೆಳಗೆ. ಅಂಥ ದಿನ ವೀಕ್ಲಿ ಕಾಲ್ ಹಿಡಿದಿದ್ದವರನ್ನ ‘ವೇಗಾ ಕಡಿಮೆ’ ಅನ್ನೋದು ಕಾಪಾಡಲ್ಲ.

ಮಂಗಳೂರು_ಇನ್ವೆಸ್ಟರ್: ಮಂತ್ಲಿಯೇ ಒಳ್ಳೇದು ಮಾರಾಯ್ರೆ, ಆದ್ರೆ ಕೊನೇ ವಾರ ಇಟ್ಕೊಳ್ಬೇಡಿ. ನಾನು ಬ್ಯಾಂಕ್ ಷೇರಿನ ಕಾಲ್ ಮಾತ್ರ ಮಾಡುವುದು. ಎಕ್ಸ್‌ಪೈರಿಗೆ ನಾಲ್ಕು ದಿನ ಇರುವಾಗಲೇ ಐಟಿಎಂ ಕಾಲ್‌ಗೆ ಡೆಲಿವರಿ ಮಾರ್ಜಿನ್ ಶುರು ಆಗ್ತದೆ, 10, 25, 45, 70 ಪರ್ಸೆಂಟ್ ಹೀಗೆ ದಿನದಿನ ಏರ್ತದೆ. ಪ್ರೀಮಿಯಂ ಕಟ್ಟಿ ಆಯ್ತಲ್ಲ, ಇನ್ನೆಂಥ ಮಾರ್ಜಿನ್ ಅಂತ ಬ್ರೋಕರ್ ಹತ್ರ ಜಗಳ ಮಾಡಿ ಪ್ರಯೋಜನ ಇಲ್ಲ. ಮಾರದೆ ಬಿಟ್ರೆ ಇಡೀ ಲಾಟ್ ಷೇರು ದುಡ್ಡು ಕೊಟ್ಟು ತಗೊಳ್ಬೇಕು.

ಹಾಸನ_ಎಫ್‌ಅಂಡ್‌ಒ: ಅವರು ಕೇಳಿದ್ದು ನಿಫ್ಟಿ. ಇಂಡೆಕ್ಸ್‌ಗೆ ನಗದು ಸೆಟಲ್‌ಮೆಂಟ್, ಡೆಲಿವರಿ ಮಾರ್ಜಿನ್ ಇಲ್ಲವೇ ಇಲ್ಲ. ಷೇರಿನ ಆಪ್ಷನ್‌ಗೆ ವೀಕ್ಲಿಯೇ ಇಲ್ಲದಿರುವಾಗ ಹೋಲಿಕೆ ಎಲ್ಲಿಂದ ಬಂತು?

ಮಂಗಳೂರು_ಇನ್ವೆಸ್ಟರ್: ನಾಳೆ ಅವರು ಷೇರಿಗೂ ಹೋಗಬಹುದು ಅಂತ ಹೇಳಿದ್ದು. ಗೊತ್ತಿರುವುದನ್ನು ಹೇಳಿದ್ರೆ ಅದಕ್ಕೂ ಕೊಂಕು.

ಬೆಳಗಾವಿ_ರಿಟೈರ್ಡ್: ಸೆಬಿ ವರದಿ ಓದೀರೇನು? 2022ರಿಂದ 2024ರ ಮೂರು ಹಣಕಾಸು ವರ್ಷದಾಗ ಎಫ್ ಅಂಡ್ ಒ ಮಾಡಿದ ಸಾಮಾನ್ಯರಲ್ಲಿ ನೂರಕ್ಕ 93 ಮಂದಿ ಕಳಕೊಂಡಾರ. ವೀಕ್ಲಿ ಮಂತ್ಲಿ ಎರಡೂ ಬ್ಯಾಡ, ಇಂಡೆಕ್ಸ್ ಫಂಡ್ ತಗೋರಿ.

ಹುಬ್ಬಳ್ಳಿ_ಸ್ಕ್ಯಾಲ್ಪರ್: ಅಣ್ಣಾರ, ಪ್ರತಿ ಚರ್ಚೆಯೊಳಗೂ ಇದ ವರದಿ ಹಾಕ್ತೀರಿ. ಮಾಡಬೇಕೋ ಬ್ಯಾಡೋ ಅಂತ ಅವರು ಕೇಳಿಲ್ಲ. ಬ್ಯಾಂಕ್ ನಿಫ್ಟಿ ವೀಕ್ಲಿ 2024ರ ನವೆಂಬರ್‌ದಾಗ ನಿಲ್ಲಿಸಿದ್ರಲ್ಲ, ಅದೂ ನಮ್ಮ ‘ರಕ್ಷಣೆ’ಗಂತನ. ಈಗ ಎಲ್ಲಾರೂ ಮಂಗಳವಾರ ನಿಫ್ಟಿ, ಗುರುವಾರ ಸೆನ್ಸೆಕ್ಸ್‌ಗೆ ಬಂದಾರ. ಏನ್ ರಕ್ಷಣೆ ಆತು?

ಬೆಳಗಾವಿ_ರಿಟೈರ್ಡ್: ರೊಕ್ಕ ಉಳಿದವ್ರಿಗೆ ಆಗೇದ.

ಹಾಸನ_ಎಫ್‌ಅಂಡ್‌ಒ: ವಿಷಯಕ್ಕೆ ಬನ್ನಿ. ಎಲ್ಲರೂ ಎರಡು ತುದಿ ಹಿಡಿದು ಎಳೀತಿದ್ದೀರಿ, ನಡುವೆ ಇರೋದನ್ನ ಯಾರೂ ಹೇಳಿಲ್ಲ. ನನ್ನದು ಮುಂದಿನ ವಾರದ ಎಕ್ಸ್‌ಪೈರಿ. ಇವತ್ತಿಂದ 13 ದಿನ ಇರೋ 25,000 ಕಾಲ್ ಇದೇ ಐವಿಗೆ 226 ಆಸುಪಾಸು ಇರುತ್ತೆ. ಎರಡು ದಿನ ನಿಫ್ಟಿ ಸುಮ್ಮನಿದ್ದರೆ 208ಕ್ಕೆ ಬರುತ್ತೆ, ಹೋಗೋದು 18. ಈ ವಾರದ್ದಾದರೆ 28, ಮಂತ್ಲಿ ಆದರೆ 12. ಇವರ ವ್ಯೂ ನಾಲ್ಕು ದಿನದ್ದು, ಹಾಗಾಗಿ ಎಕ್ಸ್‌ಪೈರಿಗೆ ಕನಿಷ್ಠ ಅದರ ಮೂರು ಪಟ್ಟು ದಿನ ಇರಲಿ ಅನ್ನೋದು ನನ್ನ ಲೆಕ್ಕ.

ಈ ವಾರದ್ದೇ ಬೇಕು ಅನ್ನೋರು ಸ್ಟ್ರೈಕ್ ಒಳಗೆ ಸರಿಸಿ. 24,800 ಕಾಲ್ ಸುಮಾರು 273. ಅದರಲ್ಲಿ 200 ಇಂಟ್ರಿನ್ಸಿಕ್, ಕರಗೋಕೆ ಇರೋದು 73 ಮಾತ್ರ. ಡೆಲ್ಟಾ 0.7. ಎರಡು ದಿನ ಸುಮ್ಮನಿದ್ದರೆ 24 ಹೋಗುತ್ತೆ, ಹಾಕಿದ ದುಡ್ಡಿನ ಶೇ. 9. 25,000 ಸ್ಟ್ರೈಕ್‌ನಲ್ಲಿ ಅದೇ ಶೇ. 18. ಒಂದು ಎಚ್ಚರ: ತುಂಬಾ ಒಳಗೆ ಹೋದರೆ, ಅದರಲ್ಲೂ ದೂರದ ತಿಂಗಳಲ್ಲಿ, ಬಿಡ್ ಆಸ್ಕ್ ನಡುವೆ ಅಂತರ ದೊಡ್ಡದಾಗುತ್ತೆ. ಮಾರ್ಕೆಟ್ ಆರ್ಡರ್ ಹಾಕಬೇಡಿ, ನಡುವಿನ ಬೆಲೆಗೆ ಲಿಮಿಟ್ ಹಾಕಿ. ಬ್ರೋಕರೇಜು, ಎಸ್‌ಟಿಟಿ, ಜಿಎಸ್‌ಟಿ ಎಲ್ಲ ಸೇರಿ ಒಂದು ಲಾಟ್‌ಗೆ ಹೋಗಿ ಬರೋಕೆ ಒಂದೂವರೆ ಪಾಯಿಂಟ್ ಆಸುಪಾಸು. ಅದಕ್ಕಿಂತ ಈ ಅಂತರವೇ ಹೆಚ್ಚು ತಿನ್ನುತ್ತೆ.

ರಜೆ ಪಟ್ಟಿಯನ್ನೂ ನೋಡ್ಕೊಳ್ಳಿ. 2025ರ ದೀಪಾವಳಿಗೆ ಅಕ್ಟೋಬರ್ 21 ಮಂಗಳವಾರ ರಜೆ ಇತ್ತು, ಎಕ್ಸ್‌ಪೈರಿ 20ರ ಸೋಮವಾರಕ್ಕೇ ಮುಗೀತು. ಆರು ದಿನ ಅಂದುಕೊಂಡಿದ್ದು ಐದಾಗುತ್ತೆ.

ತುಮಕೂರು_ಟ್ರೇಡರ್: ಹಾಸನದವರೇ, 13 ದಿನದ್ದು ನನ್ನ ತಲೆಗೇ ಬಂದಿರಲಿಲ್ಲ, ಥ್ಯಾಂಕ್ಸ್. ಇನ್ನೊಂದು: ಇವತ್ತು ಬಿಟ್ಟು ಶುಕ್ರವಾರ ಮಧ್ಯಾಹ್ನ ಈ ವಾರದ್ದನ್ನೇ ಅಗ್ಗಕ್ಕೆ ತಗೊಂಡರೆ? ಅಷ್ಟರಲ್ಲಿ ಥೀಟಾ ಬೇರೆಯವರದ್ದು ಹೋಗಿರುತ್ತಲ್ಲ.

ಮೈಸೂರು_ಆಪ್ಷನ್ಸ್: ಅಗ್ಗ ಅನ್ನಿಸುತ್ತೆ, ಆದರೆ ಆಗ ಕ್ಯಾಲೆಂಡರ್‌ನಲ್ಲಿ ನಾಲ್ಕು ದಿನ ಇದ್ದರೂ ಮಾರ್ಕೆಟ್ ತೆರೆಯೋದು ಎರಡೇ ದಿನ. ಎರಡು ದಿನ ಉಳಿದ ಎಟಿಎಂ 89ರ ಹತ್ತಿರ, ಒಂದು ದಿನ ಉಳಿದದ್ದು 63. ಒಂದೇ ದಿನಕ್ಕೆ 26 ಪಾಯಿಂಟ್. ಬುಧವಾರ 25 ಪಾಯಿಂಟ್ ಮೂವ್‌ಗೆ ತುಂಬುತ್ತಿದ್ದ ಥೀಟಾಕ್ಕೆ ಆಗ 45ರಿಂದ 50 ಬೇಕು. ಶುಕ್ರವಾರ ಕೊಳ್ಳೋದೇ ಆದರೆ ಬರೋ ಮಂಗಳವಾರದ್ದು ಬಿಟ್ಟು ಅದರ ಮುಂದಿನ ಮಂಗಳವಾರದ್ದು ಕೊಳ್ಳಿ.

ಹುಬ್ಬಳ್ಳಿ_ಸ್ಕ್ಯಾಲ್ಪರ್: ಇದೊಂದು ಒಪ್ಪತೀನಿ, ಶುಕ್ರವಾರ ಬ್ಯಾಡ. ಶನಿವಾರ ಭಾನುವಾರದ ಥೀಟಾ ಪೂರ್ತಿ ಸೋಮವಾರ 9:15ಕ್ಕ ಒಮ್ಮೆಲೇ ಹೋಗ್ತದ.

ಹಾಸನ_ಎಫ್‌ಅಂಡ್‌ಒ: ಅದು ತಪ್ಪು. ಮಾರೋರೇನು ಸೋಮವಾರದವರೆಗೆ ಕಾಯ್ತಾರಾ? ಶುಕ್ರವಾರ ಎರಡು ಗಂಟೆ ಮೇಲೆ ಸ್ಟ್ರಾಡಲ್ ಬೆಲೆ ನೋಡಿ, ನಿಫ್ಟಿ ಅಲ್ಲಾಡದೇ ಇದ್ದರೂ ಇಳೀತಾ ಇರುತ್ತೆ. ವಾರಾಂತ್ಯದ ದೊಡ್ಡ ಪಾಲು ಅಲ್ಲೇ ಹೋಗಿರುತ್ತೆ. ಕ್ಯಾಲೆಂಡರ್ ದಿನ ಹಿಡಿದು ಲೆಕ್ಕ ಹಾಕೋದರಿಂದ ಸ್ಕ್ರೀನ್‌ನಲ್ಲಿ ಶುಕ್ರವಾರ ಐವಿ ಬಿದ್ದಂಗೆ, ಸೋಮವಾರ ಎದ್ದಂಗೆ ಕಾಣುತ್ತೆ ಅಷ್ಟೇ.

ಹುಬ್ಬಳ್ಳಿ_ಸ್ಕ್ಯಾಲ್ಪರ್: ಹಂಗಾರ ಸೋಮವಾರ ಬೆಳಿಗ್ಗೆ ಫ್ಲಾಟ್ ಓಪನ್ ಆದ್ರೂ ಕಾಲ್, ಪುಟ್ ಎರಡೂ ಕೆಂಪಗ ಯಾಕ ಇರ್ತಾವ? ಈ ಶುಕ್ರವಾರ 3:25ರ ಸ್ಟ್ರಾಡಲ್ ಬೆಲೆ ಬರೆದಿಡ್ರಿ, ಸೋಮವಾರ 9:20ರದ್ದೂ ಬರೆದು ಇಲ್ಲೇ ಹಾಕ್ರಿ. ನಾನೂ ಹಾಕ್ತೀನಿ.

ಹಾಸನ_ಎಫ್‌ಅಂಡ್‌ಒ: ಹಾಕ್ತೀನಿ. ಆದರೆ ಶುಕ್ರವಾರ ಒಂದು ಗಂಟೆಯದ್ದನ್ನೂ ಸೇರಿಸಿ, ಇಲ್ಲದಿದ್ದರೆ ಆ ಹೋಲಿಕೆಯಿಂದ ಏನೂ ಗೊತ್ತಾಗಲ್ಲ.