ಆರ್‌ಡಿಯಾ, ತಿಂಗಳಿಗೊಂದು ಎಫ್‌ಡಿಯಾ?

"ಮಾವ, ತಿಂಗಳಿಗೆ 3,000 ಉಳಿಯುತ್ತೆ. ಆರ್‌ಡಿ ಮಾಡಲಾ, ಪ್ರತಿ ತಿಂಗಳು ಒಂದೊಂದು ಎಫ್‌ಡಿ ಇಡಲಾ? ಆರ್‌ಡಿಗೆ ಬಡ್ಡಿ ಅರ್ಧಾನೇ ಬರೋದಂತೆ."

ನೋಡಮ್ಮ, ಅರ್ಧ ಅನ್ನುವುದು ಲೆಕ್ಕದಲ್ಲಿ ಆಗುವ ತಪ್ಪು. ಬಡ್ಡಿ ಶೇಕಡಾ 6.5 ಅಂತಿಟ್ಟುಕೋ. ತಿಂಗಳಿಗೆ 3,000ದಂತೆ ಒಂದು ವರ್ಷ ಆರ್‌ಡಿ ಕಟ್ಟಿದರೆ 36,000ಕ್ಕೆ ಬಡ್ಡಿ ಸುಮಾರು 1,280 ರೂಪಾಯಿ. ಇದೇನು ಇಷ್ಟು ಕಡಿಮೆ ಅನ್ನಿಸುತ್ತದೆ, ಆದರೆ ಮೊದಲ ಕಂತು ಮಾತ್ರ ಪೂರ್ತಿ ಹನ್ನೆರಡು ತಿಂಗಳು ಇರುತ್ತದೆ, ಕೊನೆಯದು ಇರುವುದು ಒಂದೇ ತಿಂಗಳು, ಅಲ್ವಾ? ಅದೇ ಹಣಕ್ಕೆ ತಿಂಗಳಿಗೊಂದರಂತೆ ಒಂದು ವರ್ಷದ ಹನ್ನೆರಡು ಎಫ್‌ಡಿ ಮಾಡಿದರೆ ಒಂದೊಂದಕ್ಕೆ 200ರಂತೆ 2,400 ಬರುತ್ತದೆ, ಸರಿ. ಆದರೆ ಕೊನೆಯ ಎಫ್‌ಡಿ ಕೈಗೆ ಬರುವಾಗ ನೀನು ಶುರು ಮಾಡಿ 23 ತಿಂಗಳಾಗಿರುತ್ತದೆ. ಹಣ ಜಾಸ್ತಿ ದಿನ ಇತ್ತು, ಅದಕ್ಕೇ ಬಡ್ಡಿ ಜಾಸ್ತಿ. ದರ ಎರಡಕ್ಕೂ ಹೆಚ್ಚುಕಡಿಮೆ ಒಂದೇ.

ಒಂದು ವ್ಯತ್ಯಾಸ ಇದೆ. ಆರ್‌ಡಿಗೆ ತೆರೆದ ದಿನದ ದರವೇ ಕೊನೆವರೆಗೂ, ಎಫ್‌ಡಿಗೆ ಆಯಾ ತಿಂಗಳ ದರ. 2025ರ ಫೆಬ್ರವರಿಯಿಂದ ಜೂನ್ ಒಳಗೆ ರಿಸರ್ವ್ ಬ್ಯಾಂಕ್ ತಾನು ಬ್ಯಾಂಕುಗಳಿಗೆ ಸಾಲ ಕೊಡುವ ರೆಪೊ ದರವನ್ನು 6.5ರಿಂದ 5.5ಕ್ಕೆ ಇಳಿಸಿತು, ಬ್ಯಾಂಕುಗಳೂ ಠೇವಣಿ ಬಡ್ಡಿ ಇಳಿಸಿದವು. ಅದಕ್ಕೂ ಮೊದಲು ಆರ್‌ಡಿ ತೆರೆದವರಿಗೆ ಹಳೇ ದರವೇ ಸಿಕ್ಕಿತು. ದರ ಏರುವಾಗ ಇದು ಉಲ್ಟಾ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಎಫ್‌ಡಿಯನ್ನೇ ಹಿಡಿದಿದ್ದೆ. ನಾಲ್ಕು ತಿಂಗಳು ಸರಿಯಾಗಿ ಇಟ್ಟೆ, ಐದನೇ ತಿಂಗಳು ಹುತ್ತರಿ ಬಂತು, ಖರ್ಚಾಯಿತು, ಮತ್ತೆ ಇಡಲೇ ಇಲ್ಲ. ಪ್ರತಿ ತಿಂಗಳು ನಾವೇ ಮನಸ್ಸು ಮಾಡಬೇಕಾದ ಕೆಲಸ ಅದು. ಆರ್‌ಡಿ ಕಂತು ಖಾತೆಯಿಂದ ತಾನಾಗಿ ಹೋಗುತ್ತದೆ. ನಿನಗೆ ಆರ್‌ಡಿಯೇ ಸರಿ.

ಅದರ ತೊಂದರೆ ಬೇರೆ. ಆಗಸ್ಟ್ ಮಳೆಗೆ ಮನೆಯ ಹೆಂಚು ಹೋಗಿ 6,000 ಬೇಕಾಯಿತು ಅಂದುಕೋ. ಆರ್‌ಡಿಯಿಂದ ಸ್ವಲ್ಪವೇ ತೆಗೆಯಲು ಬರುವುದಿಲ್ಲ, ಇಡೀ ಖಾತೆ ಮುಚ್ಚಬೇಕು. ಆಗ ಹಣ ಇದ್ದಷ್ಟು ತಿಂಗಳಿನ ದರ ಕೊಟ್ಟು, ಅದರಲ್ಲೂ ಅರ್ಧವೋ ಒಂದೋ ಶೇಕಡಾ ಹಿಡಿಯುತ್ತಾರೆ. ಎಂಟನೇ ತಿಂಗಳಲ್ಲಿ ಮುಚ್ಚಿದರೆ ನಷ್ಟ ಸುಮಾರು ನೂರೈವತ್ತು ರೂಪಾಯಿ, ಅದು ದೊಡ್ಡದಲ್ಲ. ಆದರೆ ಕಟ್ಟುವುದೇ ನಿಂತುಹೋಗುತ್ತದೆ ನೋಡು, ಅದು ದೊಡ್ಡದು.

ಅದಕ್ಕೆ 3,000ದ ಒಂದು ಆರ್‌ಡಿ ಬೇಡ, 1,000ದ ಮೂರು ತೆರೆ. ದರ ಅದೇ. ಕಷ್ಟ ಬಂದರೆ ಒಂದನ್ನು ಮುಚ್ಚು, ಎಂಟನೇ ತಿಂಗಳಿಗೆ 8,000ದ ಮೇಲೆ ಬರುತ್ತದೆ, ಉಳಿದೆರಡು ನಡೆಯುತ್ತಲೇ ಇರುತ್ತವೆ. ಪೋಸ್ಟ್ ಆಫೀಸಿನ ಆರ್‌ಡಿ ಐದು ವರ್ಷದ್ದು, ಈಗಲೇ ಅದು ಬೇಡ.

ತೆರೆಯುವ ದಿನ ನೋಡಿಕೋ, ಸಾಮಾನ್ಯವಾಗಿ ಅದೇ ತಾರೀಕಿಗೆ ಕಂತು ಕಡಿತ ಆಗುತ್ತದೆ. ನಿನ್ನ ಸಂಬಳ ಒಂದನೇ ತಾರೀಕು ಅಂದರೂ ಒಮ್ಮೊಮ್ಮೆ ನಾಲ್ಕಾಗುತ್ತದೆ ಅಂದಿದ್ದೆಯಲ್ಲ, ಏಳಕ್ಕೆ ತೆರೆ. ಖಾತೆಯಲ್ಲಿ ಹಣ ಇಲ್ಲದೆ ಕಂತು ತಪ್ಪಿದರೆ ದಂಡ ಬೀಳುತ್ತದೆ.