ಮಳೆಗಾಲದಲ್ಲಿ ಅಕ್ಕಿ, ಹಿಟ್ಟು, ಕಾಳಿಗೆ ಹುಳು: ನಿಮ್ಮ ಅನುಭವ ತಿಳಿಸಿ

ಪ್ರಶ್ನೆ (ಸಾಗರದಿಂದ): 25 ಕಿಲೋ ಸೋನಾ ಮಸೂರಿ ಚೀಲದಲ್ಲಿ ಕಪ್ಪು ಹುಳು ಆಗಿದೆ. ಗೋಧಿ ಹಿಟ್ಟಿನಲ್ಲಿ ಬಲೆ ಕಟ್ಟಿದೆ. ಇಲ್ಲಿ ಬಿಸಿಲೇ ಇಲ್ಲ. ಏನು ಮಾಡಲಿ?

ತುಮಕೂರಿನಿಂದ: ಅಕ್ಕಾ, ಅಕ್ಕಿಯನ್ನು ಮೊರದಲ್ಲಿ ಕೇರಿ, ಬೇವಿನ ಸೊಪ್ಪು ಹಾಕಿ ಡಬ್ಬಕ್ಕೆ ತುಂಬಿ. ಅಷ್ಟೇ ಸಾಕು.

ಅಕ್ಕಿ ವ್ಯಾಪಾರಿ, ದಾವಣಗೆರೆ: ಕೇರಿದರೆ ಕಣ್ಣಿಗೆ ಕಾಣುವ ಹುಳು ಹೋಗುತ್ತದೆ, ಅಷ್ಟೆ. ಆ ಮೂತಿ ಹುಳು ಕಾಳನ್ನು ಕೊರೆದು ಒಳಗೇ ಮೊಟ್ಟೆಯಿಟ್ಟು ತೂತು ಮುಚ್ಚುತ್ತದೆ. ಮರಿ ಬೆಳೆಯುವುದೂ ಕಾಳಿನೊಳಗೇ. ಹಾಗಾಗಿ ಇಂದು ಚೊಕ್ಕ ಮಾಡಿದ ಅಕ್ಕಿಯಲ್ಲಿ ತಿಂಗಳೊಪ್ಪತ್ತಿನಲ್ಲಿ ಮತ್ತೆ ಹುಳು ಹರಿದಾಡುತ್ತದೆ. ಒಂದು ಹಿಡಿ ಅಕ್ಕಿಯನ್ನು ನೀರಿಗೆ ಹಾಕಿ ನೋಡಿ, ಟೊಳ್ಳಾದ ಕಾಳು ತೇಲುತ್ತದೆ. ಹೆಚ್ಚು ತೇಲಿದರೆ ಆ ಚೀಲವನ್ನು ಇಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ.

ಕಡಿಮೆಯಿದ್ದರೆ ಕೇರಿದ ಮೇಲೆ ಎರಡೆರಡು ಕಿಲೋ ಪೊಟ್ಟಣ ಮಾಡಿ, ಬಾಯಿ ಬಿಗಿದು ಫ್ರೀಜರಿನಲ್ಲಿ ಒಂದು ವಾರ ಇಡಿ. ಮೈನಸ್ 18 ಡಿಗ್ರಿ ಇರುವ ಫ್ರೀಜರಿಗೆ ನಾಲ್ಕು ದಿನ ಸಾಕು, ಆದರೆ ಮನೆಯ ಫ್ರಿಜ್ಜನ್ನು ಪದೇ ಪದೇ ತೆರೆಯುತ್ತೇವಲ್ಲ. ಹೊರತೆಗೆದ ಪೊಟ್ಟಣವನ್ನು ತಣ್ಣಗಿರುವಾಗಲೇ ಬಿಚ್ಚಬೇಡಿ. ಮಳೆಗಾಲದ ಗಾಳಿ ತಾಗಿದರೆ ಕಾಳಿನ ಮೇಲೆ ನೀರು ಕೂತು ಬೂಷ್ಟು ಬರುತ್ತದೆ. ಉಳಿದ ಅಕ್ಕಿಯನ್ನು ಫ್ರೀಜರಿನ ಸರದಿ ಬರುವವರೆಗೆ ಬೇರೆ ಧಾನ್ಯದಿಂದ ದೂರವಿಡಿ.

ಬೆಂಗಳೂರಿನಿಂದ: ಬಲೆ ಕಟ್ಟಿದ ಹಿಟ್ಟನ್ನು ಜರಡಿ ಹಿಡಿಯಲು ಹೋಗಬೇಡಿ, ಎಸೆಯಿರಿ. ಅದು ಪತಂಗದ ಮರಿಯ ಕೆಲಸ. ಬೆಳೆದ ಮರಿ ಹಿಟ್ಟು ಬಿಟ್ಟು ಹೊರಬಂದು ಮುಚ್ಚಳದ ತಿರುಗಣೆಯಲ್ಲಿ, ಕಪಾಟಿನ ಸಂದಿಯಲ್ಲಿ, ಸೂರಿನ ಮೂಲೆಯಲ್ಲಿ ಗೂಡು ಕಟ್ಟುತ್ತದೆ. ನಮ್ಮ ಮನೆಯಲ್ಲಿ ಡಬ್ಬ ತೊಳೆದರೂ ಪತಂಗ ಹಾರುತ್ತಲೇ ಇತ್ತು. ಕಪಾಟಿನ ಹಲಗೆಗೆ ಹಾಸಿದ್ದ ಹಳೇ ಪತ್ರಿಕೆ ಎತ್ತಿದಾಗ ಅದರಡಿ ಸಾಲಾಗಿ ಬಿಳಿ ಗೂಡುಗಳಿದ್ದವು.

ಹಾವೇರಿಯಿಂದ: ಗೋದಾಮಿನಲ್ಲಿ ಇಡುವ ಗುಳಿಗೆ ಸಿಗುತ್ತದೆ, ಚೀಲಕ್ಕೆ ಒಂದು ಹಾಕಿದರೆ ಒಂದು ಹುಳುವೂ ಉಳಿಯುವುದಿಲ್ಲ.

ಅಕ್ಕಿ ವ್ಯಾಪಾರಿ: ಹುಳು ಸಾಯುವುದು ನಿಜ ಅಣ್ಣಾ, ಆದರೆ ದಯವಿಟ್ಟು ಮನೆಯವರಿಗೆ ಅದನ್ನು ಹೇಳಬೇಡಿ. ತೇವ ತಾಗಿದರೆ ಅದರಿಂದ ಫಾಸ್ಫೀನ್ ಅನಿಲ ಬರುತ್ತದೆ. ಪಕ್ಕದ ಕೋಣೆಯಲ್ಲಿ ಮಲಗಿದವರ ಜೀವವೂ ಹೋಗಬಹುದು.

ಉಡುಪಿಯಿಂದ: ನನ್ನ ಹೆಸರುಕಾಳಿನ ಮೇಲೆ ಬಿಳಿ ಚುಕ್ಕೆಗಳಿವೆ. ಬೂಷ್ಟೇ?

ಅಕ್ಕಿ ವ್ಯಾಪಾರಿ: ಉಗುರಿನಿಂದ ಕೆರೆದು ನೋಡಿ. ಒರೆಸಿದರೆ ಹೋಗದೆ ಅಂಟಿಕೊಂಡಿದ್ದರೆ ಅದು ಕಾಳುಹುಳದ ಮೊಟ್ಟೆ. ಅದನ್ನೂ ಫ್ರೀಜರಿಗೆ ಹಾಕಿ. ಹೊಸ ಕಾಳು ತಂದಾಗ ಕಿಲೋಗೆ ಒಂದು ಟೀ ಚಮಚ ಹರಳೆಣ್ಣೆ ಸವರಿ, ಎಲ್ಲ ಕಾಳಿಗೂ ತಾಗುವಂತೆ ಕೈಯಾಡಿಸಿ ಇಡಿ. ಮಾಡುವ ಮುನ್ನ ತೊಳೆದರಾಯಿತು.

ತುಮಕೂರಿನಿಂದ: ಹಾಗಾದರೆ ಬೇವಿನಿಂದ ಪ್ರಯೋಜನವೇ ಇಲ್ಲವೇ? ನಮ್ಮ ಅತ್ತೆಯವರ ಕಾಲದಿಂದಲೂ ಹಾಕುತ್ತಿದ್ದೇವೆ.

ಅಕ್ಕಿ ವ್ಯಾಪಾರಿ: ಗರಿಗರಿಯಾಗಿ ಒಣಗಿದ ಎಲೆ ಹಾಕಿದರೆ ಅಡ್ಡಿಯಿಲ್ಲ, ಹಸಿ ಸೊಪ್ಪು ತೇವ ಬಿಡುತ್ತದೆ. ಒಳಗಿರುವ ಮರಿಯನ್ನು ಮಾತ್ರ ಅದು ಕೊಲ್ಲದು.

ತುಮಕೂರಿನಿಂದ: ನಮ್ಮಲ್ಲಂತೂ ಹುಳು ಬಂದಿಲ್ಲ. ನಾನು ಬಿಡುವುದಿಲ್ಲ.